ಮಾರದ ಬೆಳ್ಳಿಯ ಲಾಭ

ಮಾರ್ಚ್ 31ರ ಸಂಜೆ ಔರಾದ್‌ನ ಒಂದು ಅಡತಿ ಅಂಗಡಿಯ ಗೋದಾಮಿನಲ್ಲಿ 200 ಕ್ವಿಂಟಲ್ ಸೋಯಾ ಉಳಿದಿದೆ ಎಂದಿಟ್ಟುಕೊಳ್ಳಿ. ರಾಶಿ ಕಾಲಕ್ಕೆ ಕ್ವಿಂಟಲಿಗೆ 4,500 ರೂಪಾಯಿಯಂತೆ ಹಿಡಿದಿಟ್ಟ ಮಾಲು. ಈಗ ಪೇಟೆಯಲ್ಲಿ 4,100. ಹಮಾಲಿ, ಲಾರಿ ಬಾಡಿಗೆ ಕಳೆದರೆ ಕೈಗೆ ಬರುವುದು 4,000. ಅದೇ ಸಂಜೆ ಬೀದರ್‌ನ ಚೌಬಾರಾ ಆಸುಪಾಸಿನ ಒಂದು ಬಿದ್ರಿ ಅಂಗಡಿಯ ತಿಜೋರಿಯಲ್ಲಿ 2 ಕಿಲೋ ಬೆಳ್ಳಿ ತಂತಿ ಇದೆ. ಕಿಲೋಗೆ 75,000ದಂತೆ ಕೊಂಡದ್ದು, ಈಗ ಲಕ್ಷದ ಆಸುಪಾಸು. ಲೆಕ್ಕ ಬರೆಯುವವನು ಸೋಯಾದ ಒಂದು ಲಕ್ಷ ನಷ್ಟವನ್ನು ಇಂದೇ ಬರೆಯುತ್ತಾನೆ. ಬೆಳ್ಳಿಯ 50,000 ಲಾಭಕ್ಕೆ ಮಾತ್ರ ಪುಸ್ತಕದಲ್ಲಿ ಜಾಗವಿಲ್ಲ. ಎರಡೂ ಮಾಲು ಇನ್ನೂ ಮಾರಾಟವಾಗಿಲ್ಲ.

ಇದೇ ಕನ್ಸರ್ವೇಟಿಸಂ. ಕೊಂಡ ದರ, ಮಾರಿದರೆ ಖರ್ಚು ಕಳೆದು ಸಿಗುವ ದರ, ಇವೆರಡರಲ್ಲಿ ಕಡಿಮೆ ಇದ್ದದ್ದನ್ನು ಹಿಡಿ ಎನ್ನುತ್ತದೆ. ಇಲ್ಲೊಂದು ಆಸೆಯೂ ಕಾಡುತ್ತದೆ. 2024-25ರಲ್ಲಿ ಸೋಯಾದ ಬೆಂಬಲ ಬೆಲೆ 4,892 ಇತ್ತಲ್ಲ, ಅದನ್ನೇ ಬರೆದರೆ ನಷ್ಟವೇ ಇಲ್ಲವಲ್ಲ? ಆದರೆ ಆ ಬೆಲೆಯ ಖರೀದಿ ರೈತನಿಂದ ಮಾತ್ರ. ಅಡತಿಯವರ ಗೋದಾಮಿನ ಮಾಲಿಗೆ ಅದು ಬೆಲೆಯೇ ಅಲ್ಲ.

ಲೆಕ್ಕಿಗ ಹುಟ್ಟಾ ಅಂಜುಬುರುಕ, ಅದಕ್ಕೇ ಹೀಗೆ ಎಂದು ಅನೇಕರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಂಜಿಕೆಯೇ ಅವನ ಧರ್ಮವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಂಗಡಿಯನ್ನೇ: ನಾಳೆ ಇದು ಮುಚ್ಚಿದರೆ? ಹಾಗೆ ಹೊರಟರೆ 60,000 ಕೊಟ್ಟು ತಂದ ತೂಕದ ಕಾಟಾವನ್ನು ವರ್ಷದೊಳಗೇ ಗುಜರಿ ಬೆಲೆಗೆ ಇಳಿಸಬೇಕಾಗುತ್ತದೆ. ಅವನು ಇಳಿಸುವುದಿಲ್ಲ. ಕಾಟಾ ಇನ್ನೂ ಹಲವು ಸುಗ್ಗಿ ತೂಗುತ್ತದೆ ಎಂದು ನಂಬಿ ಸವಕಳಿಯನ್ನು ಅಷ್ಟು ವರ್ಷಗಳಿಗೆ ಹಂಚುತ್ತಾನೆ. ವ್ಯವಹಾರ ಮುಂದುವರಿಯುತ್ತದೆ ಎಂಬ ಈ ನಂಬಿಕೆಯ ಹೆಸರೇ ಗೋಯಿಂಗ್ ಕನ್ಸರ್ನ್. 1979ರಲ್ಲಿ ಬಂದ ನಮ್ಮ ಮೊದಲ ಲೆಕ್ಕಪತ್ರ ಮಾನದಂಡ ಇದನ್ನು ಮೂಲಭೂತ ಗೃಹೀತ ಎಂದು ಕರೆಯಿತು. ಪಾಲಿಸಿದರೆ ಹೇಳಬೇಕಿಲ್ಲ, ಬಿಟ್ಟರೆ ಹೇಳಲೇಬೇಕು. ಎಚ್ಚರಿಕೆಗೆ ಅಲ್ಲಿ ಸಿಕ್ಕಿದ್ದು, ನೀತಿ ಆರಿಸುವಾಗ ಗಮನಿಸಬೇಕಾದ ಸಂಗತಿಗಳಲ್ಲಿ ಒಂದು ಎಂಬ ಸ್ಥಾನ ಮಾತ್ರ.

ನಂಬಿಕೆ ಅಂಜಿಕೆಗೆ ಲಗಾಮು ಹಾಕುವುದು ಬಿದ್ರಿ ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳ್ಳಿ ಏರುವ ಬದಲು 60,000ಕ್ಕೆ ಇಳಿಯಿತು ಅನ್ನಿ. ಸೋಯಾದ ಹಾಗೆ ಇದನ್ನೂ ಕೆಳಗಿಳಿಸಬೇಕೇ? ಬೇಕಿಲ್ಲ. ಈ ತಂತಿ ಬೆಳ್ಳಿಯಾಗಿ ಮಾರುವಂಥದ್ದಲ್ಲ. ಸತು-ತಾಮ್ರದ ಸುರಾಯಿಯ ಮೈಯಲ್ಲಿ ಉಳಿಯಿಂದ ಕೊರೆದ ಗೀರಿಗೆ ಅದನ್ನು ಬಡಿದು ಕೂಡಿಸುತ್ತಾರೆ, ಆಮೇಲೆ ಕೋಟೆಯ ಮಣ್ಣು ತಿಕ್ಕಿ ಸುರಾಯಿಯನ್ನು ಕಪ್ಪಾಗಿಸುತ್ತಾರೆ. ಆ ಸುರಾಯಿ ತಗುಲಿದ ಖರ್ಚಿಗಿಂತ ಕಡಿಮೆಗೆ ಹೋಗದಿದ್ದರೆ ಅದರೊಳಗಿನ ಕಚ್ಚಾ ಮಾಲನ್ನು ಇಳಿಸಬೇಡಿ ಎನ್ನುತ್ತದೆ ದಾಸ್ತಾನಿನ ಮಾನದಂಡ. ನಾಳೆಯೂ ಉಳಿ ಆಡುತ್ತದೆ ಎಂದು ಒಪ್ಪಿದವನಷ್ಟೇ ಈ ಮಾತು ಹೇಳಬಲ್ಲ.

ಎಚ್ಚರಿಕೆಯನ್ನು ಜಾಣತನಕ್ಕೆ ಬಳಸುವವರೂ ಇದ್ದಾರೆ. ಒಳ್ಳೆಯ ವರ್ಷದಲ್ಲಿ ಭಾಲ್ಕಿಯ ವ್ಯಾಪಾರಿಯೊಬ್ಬ 4,000ದ ಮಾಲನ್ನು 3,600 ಎಂದು ಬರೆದರೆ ಆ ವರ್ಷದ ತೆರಿಗೆ ತಗ್ಗುತ್ತದೆ. ಆದರೆ ಇಂದಿನ ಕೊನೆಯ ದಾಸ್ತಾನೇ ನಾಳಿನ ಆರಂಭದ ದಾಸ್ತಾನು, ಅಡಗಿಸಿದ ಲಾಭ ಮುಂದಿನ ವರ್ಷ ತಾನಾಗಿ ಹೊರಬರುತ್ತದೆ. ಹಿಡಿಯುವುದೂ ಕಷ್ಟವಲ್ಲ. ಏಪ್ರಿಲ್ ಮೊದಲ ವಾರದ ಮಾರಾಟದ ಬಿಲ್ಲು ನೋಡಬೇಕು. ಅದೇ ಮಾರ್ಚ್ ತಿಂಗಳಿಗೆ ಓಡಿ ಲಿಮಿಟ್‌ಗಾಗಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟ್ ತರಿಸಬೇಕು. ತೆರಿಗೆಯವರ ಮುಂದೆ ಬಡಕಲಾದ ಸೋಯಾ ಬ್ಯಾಂಕಿನವರ ಮುಂದೆ ದಪ್ಪಗಾಗಿರುತ್ತದೆ!

ನಂಬಿಕೆಯೇ ಮುರಿದರೆ? ಬಿದ್ರಿ ಅಂಗಡಿಯನ್ನು ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಅಣ್ಣತಮ್ಮಂದಿರು ಅಂಗಡಿ ಮುಚ್ಚಿ ಬೆಳ್ಳಿ ಹಂಚಿಕೊಳ್ಳಲು ನಿಂತರು ಅನ್ನಿ. ಕಡಿಮೆ ಇದ್ದದ್ದನ್ನು ಹಿಡಿ ಎಂಬ ನಿಯಮ ಆಗ ಬಿದ್ದುಹೋಗುತ್ತದೆ. ಎ.ಎಲ್.ಎ. ಫರ್ಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿದ್ದು ಇದನ್ನೇ: ಫರ್ಮು ವಿಸರ್ಜನೆಯಾಗಿ ವ್ಯವಹಾರ ನಿಂತರೆ ದಾಸ್ತಾನಿಗೆ ಪೇಟೆಯ ದರ. ತೆರಿಗೆಯ ಲೆಕ್ಕದಲ್ಲಿ ಆ 50,000 ಲಾಭವಾಗಿ ಬಂದು ಕೂರುತ್ತದೆ. “ಬೆಳ್ಳಿ ಮಾರೇ ಇಲ್ರೀ, ಲಾಭ ಎಲ್ಲಿಂದ ಬಂತ್ರಿ?” ಎಂದು ತಮ್ಮ ಕೇಳುವುದು ಸಹಜ. ಮುಂದೆ ಮಾರುವ ಅಂಗಡಿಯೇ ಇಲ್ಲದ ಮೇಲೆ ಲಾಭವನ್ನು ಮುಂದೂಡಲು ಮುಂದಿನ ವರ್ಷ ಎಲ್ಲಿದೆ?

ಅಣ್ಣ ತೀರಿಕೊಂಡು, ತಮ್ಮ ಉಳಿದವರೊಡನೆ ಒಂದು ದಿನವೂ ಬಿಡದೆ ಅದೇ ಅಂಗಡಿ ನಡೆಸಿದರೆ ಮಾತೇ ಬೇರೆ. 2001ರ ಶಕ್ತಿ ಟ್ರೇಡಿಂಗ್ ಕಂಪನಿ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹಳೆಯ ನಿಯಮವನ್ನೇ ಉಳಿಸಿತು. ಅಲ್ಲಿಯೂ ಕಾನೂನಿನ ಪ್ರಕಾರ ಫರ್ಮು ವಿಸರ್ಜನೆಯಾಗಿತ್ತು, ಆದರೆ ವ್ಯವಹಾರ ನಿಂತಿರಲಿಲ್ಲ. ಬಿದ್ರಿ ಅಂಗಡಿಯ ತಂತಿಯೂ ಹಾಗಾದಾಗ ಕಿಲೋಗೆ 75,000ದಲ್ಲೇ ಪುಸ್ತಕದಲ್ಲಿ ಉಳಿಯುತ್ತದೆ; ತೆರಿಗೆಯ ಲೆಕ್ಕದಲ್ಲಿ ಮಾತ್ರ ಈ ಸವಲತ್ತು 2016ರವರೆಗಷ್ಟೇ ಇತ್ತು.