ಕಂತು ಒಬ್ಬರ ಖಾತೆಯಿಂದ, ವಿನಾಯಿತಿ ಇಬ್ಬರಿಗೂ?

ಮಂಡ್ಯದಲ್ಲೊಂದು ಮನೆ. ಕ್ರಯಪತ್ರದಲ್ಲಿ ಗಂಡ-ಹೆಂಡತಿ ಇಬ್ಬರ ಹೆಸರೂ ಇದೆ. ಯಾರ ಪಾಲು ಎಷ್ಟೆಂದು ಬರೆದಿಲ್ಲ. 50 ಲಕ್ಷ ರೂಪಾಯಿ ಸಾಲಕ್ಕೂ ಇಬ್ಬರೂ ಸಹಿ ಹಾಕಿದ್ದಾರೆ. ಬಡ್ಡಿ ಶೇ 8.5, ಅವಧಿ 20 ವರ್ಷ, ತಿಂಗಳ ಕಂತು ಸುಮಾರು 43,400 ರೂಪಾಯಿ. ಗಂಡ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಖಾಸಗಿ ಕಂಪನಿ ನೌಕರ. ಕಂತು ಅವರ ಖಾತೆಯಿಂದ ಕಡಿತವಾಗುತ್ತದೆ. ಹೆಂಡತಿ ಮದ್ದೂರಿನ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ರೇಷನ್ನು, ಹಾಲು, ಮಕ್ಕಳ ಫೀಸು ಅವರ ಸಂಬಳದ ಮೇಲೆ. ಮೊದಲ 12 ಕಂತುಗಳಲ್ಲಿ ಬಡ್ಡಿಗೆ ಹೋಗುವುದು ಸುಮಾರು 4.21 ಲಕ್ಷ, ಅಸಲಿಗೆ ಒಂದು ಲಕ್ಷ. ಈ ಲೆಕ್ಕವನ್ನು ಇಬ್ಬರೂ ಅರ್ಧರ್ಧ ತೋರಿಸಬಹುದೆ? ಇದೊಂದು ಕಲ್ಪಿತ ಕುಟುಂಬ. ಆದರೆ ಇಂಥ ಕುಟುಂಬಗಳು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಪರ: ಮಂಡ್ಯದ ವಾಣಿಜ್ಯ ಉಪನ್ಯಾಸಕಿ

ಧಾರಾಳವಾಗಿ ತೋರಿಸಬಹುದು. ಸ್ವಂತ ವಾಸದ ಮನೆಯ ಬಡ್ಡಿಗೆ ಸೆಕ್ಷನ್ 24(ಬಿ) ಕೊಡುವ ಮಿತಿ ವರ್ಷಕ್ಕೆ ಎರಡು ಲಕ್ಷ. ಅದು ಮನೆಗೆ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಪ್ರತಿ ಸಹಮಾಲೀಕರಿಗೂ ಬೇರೆ ಬೇರೆ. ಗಂಡ ಒಬ್ಬರೇ ತೋರಿಸಿದರೆ 2.21 ಲಕ್ಷದ ಬಡ್ಡಿ ಯಾರಿಗೂ ಉಪಯೋಗಕ್ಕೆ ಬರದೆ ಉಳಿಯುತ್ತದೆ. ಇಬ್ಬರೂ ಹಂಚಿಕೊಂಡರೆ ನಾಲ್ಕು ಲಕ್ಷದವರೆಗೆ ಸಿಗುತ್ತದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವವರಿಗೆ ಆ ಎರಡನೇ ಎರಡು ಲಕ್ಷದಿಂದ ಸೆಸ್ ಸೇರಿ 62,400 ರೂಪಾಯಿ ಉಳಿತಾಯ.

ಹಣ ಯಾರ ಖಾತೆಯಿಂದ ಹೋಯಿತು ಎನ್ನುವುದು ಬಡ್ಡಿಯ ಮಟ್ಟಿಗೆ ಮುಖ್ಯವಲ್ಲ. ಕಾನೂನು ಕೇಳುವುದು ‘ಕೊಡಬೇಕಾದ’ ಬಡ್ಡಿಯನ್ನು, ಕೊಟ್ಟದ್ದನ್ನಲ್ಲ. ನಾಳೆ ಕಂತು ನಿಂತರೆ ಬ್ಯಾಂಕಿನ ನೋಟಿಸು ಟೀಚರಮ್ಮನಿಗೂ ಬರುತ್ತದೆ. ಹೊಣೆಯಲ್ಲಿ ಅರ್ಧ ಆಕೆಯದಾದರೆ ವಿನಾಯಿತಿಯಲ್ಲಿ ಏಕಿಲ್ಲ? ಆಕೆ ಮನೆ ಖರ್ಚು ಹೊತ್ತಿದ್ದಕ್ಕೇ ಗಂಡನ ಸಂಬಳ ಕಂತಿಗೆ ಒದಗುತ್ತಿದೆ. ಅಸಲಿಗೂ ಇದೇ ನ್ಯಾಯ. ಯಾರಿಗೆ 80ಸಿಯಲ್ಲಿ ಜಾಗವಿದೆಯೋ ಅವರು ಆ ವರ್ಷ ಎಷ್ಟು ಬೇಕೋ ಅಷ್ಟು ತೋರಿಸಿಕೊಳ್ಳಲಿ.

ನಡುವೆ ಬಂದ ಮಾತು: ಮಳವಳ್ಳಿಯ ಒಬ್ಬರು

ನನ್ನದೂ ಇದೇ ಕಥೆ. ಸೈಟು ನನ್ನ ಮಾವನವರು ಮಗಳಿಗೆ ಕೊಟ್ಟದ್ದು, ಮನೆ ಎದ್ದದ್ದು ಅವಳ ಹೆಸರಲ್ಲೇ. ಸಾಲದ ಪತ್ರದಲ್ಲಿ ಇಬ್ಬರ ಸಹಿ ಇದೆ, ಕಂತು ಪೂರಾ ನಂದು. ಆದರೂ ಬಡ್ಡಿ ತೋರ್ಸಂಗಿಲ್ಲ ಅಂತಾರಲ್ಲ ಆಫೀಸಿನಲ್ಲಿ! ಕಟ್ಟೋನು ನಾನು ಅಂದ್ಮೇಲೆ ಅರ್ಧ ಯಾಕೆ, ಪೂರ್ತಿ ನಂಗೇ ಬರಬೇಕಲ್ವಾ? ಬೇಕಾದ್ರೆ ಅವಳ ಕೈಲಿ ಅರ್ಧ ಮನೆ ದಾನಪತ್ರ ಮಾಡಿಸ್ಕೊಂಡ್ರೆ ಆಯ್ತು.

ವಿರೋಧ: ಮದ್ದೂರಿನ ತೆರಿಗೆ ಸಲಹೆಗಾರ

ಮೊದಲು ಮಳವಳ್ಳಿಯವರಿಗೆ. ಸ್ವಾಮಿ, ನೀವು ಸಾಲಗಾರರು, ಮಾಲೀಕರಲ್ಲ. ಮನೆಯ ಆದಾಯವನ್ನೂ ಅದರ ಬಡ್ಡಿಯನ್ನೂ ಕಾನೂನು ಲೆಕ್ಕ ಹಿಡಿಯುವುದು ಮಾಲೀಕರ ಕೈಯಲ್ಲಿ. ದಾನಪತ್ರದ ದಾರಿಯೂ ಮುಚ್ಚಿದೆ. ತಕ್ಕ ಬೆಲೆ ಪಡೆಯದೆ ಹೆಂಡತಿ ಗಂಡನಿಗೆ ಮನೆಯ ಪಾಲು ಕೊಟ್ಟರೆ, ಸೆಕ್ಷನ್ 27ರ ಪ್ರಕಾರ ಆ ಪಾಲಿಗೂ ತೆರಿಗೆಯ ಲೆಕ್ಕದಲ್ಲಿ ಹೆಂಡತಿಯೇ ಮಾಲೀಕರು. ಮುದ್ರಾಂಕ ಶುಲ್ಕ ಕಟ್ಟಿದ್ದೊಂದೇ ಉಳಿಯುತ್ತದೆ.

ಇನ್ನು ಉಪನ್ಯಾಸಕಿಯವರ ವಾದ. ಬಡ್ಡಿಯ ವಿಷಯದಲ್ಲಿ ಅವರ ಮಾತು ಬಹುಮಟ್ಟಿಗೆ ಸರಿ. ಅಸಲಿನಲ್ಲಿ ಎಡವಿದ್ದಾರೆ. 80ಸಿ ಕೇಳುವುದು ಆ ವರ್ಷ ‘ಪಾವತಿ ಮಾಡಿದ’ ಮೊತ್ತವನ್ನು. ಟೀಚರ ಖಾತೆಯಿಂದ ಬಿಡಿಗಾಸೂ ಹೋಗದೆ 50 ಸಾವಿರ ಅಸಲು ಅವರದೆಂದರೆ ಒಪ್ಪಿಸುವುದು ಕಷ್ಟ. ಸರ್ಕಾರಿ ನೌಕರರಿಗೆ ಕೆಜಿಐಡಿ, ಎನ್‌ಪಿಎಸ್ ಸೇರಿದರೆ ಒಂದೂವರೆ ಲಕ್ಷದಲ್ಲಿ ಜಾಗವೂ ಹೆಚ್ಚು ಉಳಿದಿರುವುದಿಲ್ಲ. ಇಲ್ಲದ ಜಾಗಕ್ಕೆ ಅಸಲು ಹಂಚಿ ಫಲವೇನು? ‘ಆ ವರ್ಷ ಎಷ್ಟು ಬೇಕೋ ಅಷ್ಟು’ ಎಂಬುದೂ ಅಪಾಯದ ಮಾತು. ಈ ವರ್ಷ 50:50, ಮುಂದಿನ ವರ್ಷ 20:80 ಆದರೆ ಪಾಲು ಯಾವುದು ಎಂದು ಅಧಿಕಾರಿ ಕೇಳುತ್ತಾರೆ. ಕ್ರಯಪತ್ರ ಸುಮ್ಮನಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 45 ಹಣ ಹೂಡಿದ ಪ್ರಮಾಣವನ್ನು ನೋಡುತ್ತದೆ. ಅದಕ್ಕೂ ಸಾಕ್ಷ್ಯವಿಲ್ಲದಿದ್ದರೆ ಸಮಪಾಲು ಎಂದು ಊಹಿಸುತ್ತದೆ. ಆ ಊಹೆಯ ಮೇಲೆ 20 ವರ್ಷ ಕೂರುವುದಕ್ಕಿಂತ ಕ್ರಯಪತ್ರದಲ್ಲೇ ಪಾಲು ಬರೆಸುವುದು ಜಾಣತನ.

ನಾನು ನೋಡುವ ದೊಡ್ಡ ತಪ್ಪು ಬೇರೆ. ಬ್ಯಾಂಕು ಕೊಡುವ ಬಡ್ಡಿ ಪ್ರಮಾಣಪತ್ರದಲ್ಲಿ ಇಬ್ಬರ ಹೆಸರಿದ್ದರೂ ಮೊತ್ತ ಒಂದೇ. ಅದನ್ನು ಪಾಲು ಮಾಡಿ ಕೊಡುವುದಿಲ್ಲ. ಅದೇ ಕಾಗದ ಗಂಡನ ಕಂಪನಿಗೂ ಹೋಗುತ್ತದೆ, ಶಾಲೆಯ ಮುಖ್ಯಶಿಕ್ಷಕರ ಬಳಿಗೂ ಹೋಗುತ್ತದೆ. ಇಬ್ಬರೂ ಅಭ್ಯಾಸಬಲದಿಂದ ಎರಡೆರಡು ಲಕ್ಷ ಬರೆಯುತ್ತಾರೆ. ಇದೇ ಸಾಲದಲ್ಲಿ ನಾಲ್ಕನೇ ವರ್ಷದ ಬಡ್ಡಿ 3.92 ಲಕ್ಷಕ್ಕೆ ಇಳಿದಿರುತ್ತದೆ. ಒಟ್ಟು ಕೂಡಿದರೆ ಬ್ಯಾಂಕಿಗೆ ಹೋದ ಬಡ್ಡಿಗಿಂತ ಹೆಚ್ಚು!

ಹಾಗಾಗಿ ಶಿಕ್ಷಕಿ ಫಾರ್ಮ್ 12ಬಿಬಿ ಜೊತೆ ಪ್ರಮಾಣಪತ್ರ, ಬ್ಯಾಂಕಿನ ಹೆಸರು, ವಿಳಾಸ, ಪ್ಯಾನ್ ಕೊಟ್ಟು, ತಮ್ಮ ಪಾಲು ಇಷ್ಟು, ಉಳಿದದ್ದು ಪತಿಯದು ಎಂಬ ಘೋಷಣೆಯನ್ನೂ ಲಗತ್ತಿಸಬೇಕು. ಗಂಡನದೂ ಅದೇ ಅಂಕಿಗೆ ತಾಳೆಯಾಗಬೇಕು. ಇಬ್ಬರ ಬಳಿಯೂ ಕ್ರಯಪತ್ರದ ಪ್ರತಿ, ಸಾಲ ಮಂಜೂರಾತಿ ಪತ್ರ, ಮನೆ ಪೂರ್ಣಗೊಂಡ ದಾಖಲೆ ಇರಲಿ. ಮುಖ್ಯವಾಗಿ ಶಿಕ್ಷಕಿ ಪ್ರತಿ ತಿಂಗಳು ತಮ್ಮ ಪಾಲಿನ 21,700 ರೂಪಾಯಿಯನ್ನು ಕಂತು ಹೋಗುವ ಖಾತೆಗೆ ವರ್ಗಾಯಿಸಲಿ. ಹಾಲು, ರೇಷನ್ನು ಗಂಡನ ಪಾಲಿಗೆ ಬರಲಿ. ಖರ್ಚು ಅಷ್ಟೇ, ಜಾಡು ಮಾತ್ರ ಸ್ಪಷ್ಟ.

ಇಷ್ಟು ಮಾಡುವ ಮೊದಲು ಲಾಭ ಎಷ್ಟೆಂದು ನೋಡಿ. ವಾಸದ ಮನೆಯ ಬಡ್ಡಿಗೂ 80ಸಿಗೂ ಹೊಸ ಪದ್ಧತಿಯಲ್ಲಿ ಜಾಗವಿಲ್ಲ. 2025-26ರಲ್ಲಿ ಶಿಕ್ಷಕಿಯ ಸಂಬಳ ಒಂಬತ್ತು ಲಕ್ಷವೆಂದುಕೊಳ್ಳಿ. ಹೊಸ ಪದ್ಧತಿಯಲ್ಲಿ ತೆರಿಗೆ ಸೊನ್ನೆ, ಬಡ್ಡಿ ತೋರಿಸಿ ಉಳಿಸಲು ಏನೂ ಇಲ್ಲ. ಗಂಡನ ಸಂಬಳ 18 ಲಕ್ಷ. ಹಳೆಯ ಪದ್ಧತಿಯಲ್ಲಿ ಎರಡು ಲಕ್ಷ ಬಡ್ಡಿ, 80ಸಿಯ ಒಂದೂವರೆ ಲಕ್ಷ ಎರಡನ್ನೂ ಪೂರ್ತಿ ಪಡೆದರೂ 2,41,800 ರೂಪಾಯಿ ಕಟ್ಟಬೇಕು. ಈ ಎರಡೂ ವಿನಾಯಿತಿ ಇಲ್ಲದ ಹೊಸ ಪದ್ಧತಿಯಲ್ಲಿ 1,50,800. ಅಂದರೆ ಈ ಕುಟುಂಬಕ್ಕೆ ಹಂಚಿಕೆಯ ಜಗಳವೇ ಬೇಕಿರಲಿಲ್ಲ.

ಪರ ವಾದಿಯ ಮರುಮಾತು

ಅಸಲಿನ ಮಾತು ಒಪ್ಪಿದೆ. ಆದರೆ ಆ ದಂಪತಿ ಅದೇ ಮನೆಯನ್ನು ತಿಂಗಳಿಗೆ 15 ಸಾವಿರಕ್ಕೆ ಬಾಡಿಗೆಗೆ ಕೊಟ್ಟು ತಾವು ಮದ್ದೂರಿನಲ್ಲಿದ್ದರೆ? ಆಗ ಹೊಸ ಪದ್ಧತಿಯಲ್ಲೂ ಬಾಡಿಗೆಯ ಎದುರು ಬಡ್ಡಿ ಕಳೆಯಬಹುದು. ಮನೆ ಕಂದಾಯ ಬಿಟ್ಟು ನೋಡಿದರೆ, ವರ್ಷದ 1.8 ಲಕ್ಷದಲ್ಲಿ ಶೇ 30 ಕಳೆದು ಉಳಿಯುವುದು 1.26 ಲಕ್ಷ, ತಲಾ 63 ಸಾವಿರ. ಬಡ್ಡಿಯ ಅರ್ಧ ಅದನ್ನು ಪೂರ್ತಿ ನುಂಗುತ್ತದೆ. ಸಂಬಳದಿಂದ ಕಳೆಯುವಂತಿಲ್ಲ, ಅಷ್ಟೇ. ಅಂಥ ಮನೆಯಲ್ಲಿ ಬಡ್ಡಿಯನ್ನೆಲ್ಲ ಗಂಡ ತೋರಿಸಿ ಬಾಡಿಗೆಯ ಅರ್ಧ ಹೆಂಡತಿಯ ತಲೆಗೆ ಬಂದರೆ, ಆಕೆ ತೆರಿಗೆ ಕಟ್ಟುವ ಹಂತದಲ್ಲಿದ್ದಲ್ಲಿ ಇಲ್ಲದ ತೆರಿಗೆ ಹುಟ್ಟೀತು.

ಹಿಂದಿನ ವರ್ಷಗಳಲ್ಲಿ ವರ್ಗಾವಣೆಯ ಜಾಡಿಲ್ಲದೆ ಹಳೆಯ ಪದ್ಧತಿಯಲ್ಲಿ ಅರ್ಧ ಬಡ್ಡಿ ತೋರಿಸಿದವರನ್ನು ಸಲಹೆಗಾರರು ಏನು ಮಾಡಿ ಎನ್ನುತ್ತಾರೆ? ಅವರ ಮನೆ ಖರ್ಚಿನ ಪಾಸ್‌ಬುಕ್ ಎಂಟ್ರಿಗಳೂ ಸಾಕ್ಷ್ಯವೇ ಎಂಬ ನನ್ನ ವಾದವನ್ನು ನಾನು ಬಿಟ್ಟಿಲ್ಲ. ಅಧಿಕಾರಿ ಒಪ್ಪುವರೆಂದು ಸಲಹೆಗಾರರು ನಂಬುವುದಿಲ್ಲ.