ಗಾಳಿಯಲ್ಲಿ ಬರುವ ತಿದ್ದುಪಡಿ

ಮೊಬೈಲಿಗೆ ಹೊಸ ತಂತ್ರಾಂಶ ಬಂದಾಗ ಮನೆಯವರು ಅದನ್ನು ಚಾರ್ಜಿಗೆ ಹಾಕಿ ಮಲಗುತ್ತಾರೆ. ಬೆಳಗಾಗುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕಾರಿನ ಪರದೆಯ ಮೇಲೂ ಈಗ ಅಂಥದೇ ಸೂಚನೆ ಮೂಡುವುದರಿಂದ ಎರಡೂ ಒಂದೇ ಬಗೆಯೆಂದು ತಿಳಿಯುವುದು ಸಹಜ. ಆದರೆ ಮೊಬೈಲಿಗೆ ಮುಖ್ಯವಾದ ಮಿದುಳು ಒಂದೇ. ಕಾರಿನಲ್ಲಾದರೋ ಬ್ರೇಕಿಗೊಂದು, ಸ್ಟಿಯರಿಂಗಿಗೊಂದು, ಏರ್‌ಬ್ಯಾಗಿಗೊಂದು ಎಂಬಂತೆ ಹತ್ತಾರು ಪುಟ್ಟ ಕಂಪ್ಯೂಟರುಗಳಿದ್ದು, ಅವು ತಂತಿಗಳ ಮೂಲಕ ಪರಸ್ಪರ ಮಾತನಾಡುತ್ತವೆ.

ಹೊಸ ತಂತ್ರಾಂಶವು ಕಾರು ಓಡುತ್ತಿರುವಾಗಲೂ ಬಂದು ಒಂದೆಡೆ ಶೇಖರವಾಗಬಹುದು. ಅದರ ಮೇಲಿನ ಗುಪ್ತಮುದ್ರೆ ತಯಾರಕರದೇ ಹೌದೇ ಎಂಬ ಪರೀಕ್ಷೆಯೂ ನಡೆಯುತ್ತದೆ. ಆದರೆ ಚಾಲನೆಗೆ ಸಂಬಂಧಿಸಿದ ಘಟಕಗಳಲ್ಲಿ ಅದನ್ನು ಬರೆಯುವುದು ಕಾರು ನಿಂತ ಮೇಲೆಯೇ. ಹೆದ್ದಾರಿಯಲ್ಲಿ ಬ್ರೇಕಿನ ಮಿದುಳನ್ನು ಅಳಿಸಿ ಬರೆಯುವ ಸಾಹಸ ಯಾರಿಗೂ ಬೇಡ!

ಈ ಉಪಾಯದ ಶಕ್ತಿ 2018ರಲ್ಲಿ ಸ್ಪಷ್ಟವಾಯಿತು. ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯ ಪರೀಕ್ಷೆಯಲ್ಲಿ, ಗಂಟೆಗೆ 60 ಮೈಲಿ ವೇಗದಲ್ಲಿದ್ದ ಟೆಸ್ಲಾ ಮಾಡೆಲ್ 3 ಕಾರು ನಿಲ್ಲಲು 152 ಅಡಿ ಹಿಡಿದಿತ್ತು. ಗಾಲಿ ಜಾರದಂತೆ ತಡೆಯುವ ವ್ಯವಸ್ಥೆಯ ಲೆಕ್ಕಾಚಾರವನ್ನು ಕಂಪನಿಯು ಗಾಳಿಯಲ್ಲೇ ತಿದ್ದಿ ಕಳುಹಿಸಿತು. ಬ್ರೇಕಿನ ಒಂದು ತಿರುಪನ್ನೂ ಮುಟ್ಟದೆ ಆ ದೂರ 133 ಅಡಿಗೆ ಇಳಿಯಿತು.

ಹೀಗಿದ್ದೂ ಕೆಲವು ಕಾರುಗಳು ವರ್ಕ್‌ಶಾಪಿಗೆ ಹೋಗಲೇಬೇಕು. ಈಗಿನ ಅನೇಕ ಮೊಬೈಲುಗಳಲ್ಲಿ ತಂತ್ರಾಂಶಕ್ಕೆ ಎರಡು ಮನೆಗಳಿರುತ್ತವೆ: ಹಳೆಯದು ಒಂದರಲ್ಲಿ ನಡೆಯುತ್ತಿರುವಾಗ ಹೊಸದನ್ನು ಇನ್ನೊಂದರಲ್ಲಿ ಬರೆಯಲಾಗುತ್ತದೆ, ಕೆಟ್ಟರೆ ಹಳೆಯದಕ್ಕೆ ಮರಳಬಹುದು. ಕಾರಿನ ಎಷ್ಟೋ ಘಟಕಗಳಿಗೆ ಇರುವುದು ಒಂದೇ ಮನೆ. ಹಳೆಯದನ್ನು ಅಳಿಸಿದ ಮೇಲೆಯೇ ಹೊಸದಕ್ಕೆ ಎಡೆ. ನಡುವೆ 12 ವೋಲ್ಟ್ ಬ್ಯಾಟರಿ ಸೋತರೆ ಆ ಘಟಕ ಮೂಕವಾಗಿ, ಕಾರು ನಿಂತಲ್ಲೇ ನಿಲ್ಲಬಹುದು. ಆದುದರಿಂದ ಮೆಕ್ಯಾನಿಕ್ಕನು ಮೊದಲು ಬ್ಯಾಟರಿಗೆ ಹೊರಗಿನಿಂದ ಸ್ಥಿರವಾದ ವಿದ್ಯುತ್ತನ್ನು ಕೊಟ್ಟು, ಡ್ಯಾಶ್‌ಬೋರ್ಡಿನ ಕೆಳಗಿನ ಕಿಂಡಿಗೆ ತನ್ನ ಯಂತ್ರವನ್ನು ಜೋಡಿಸಿ, ಅನಂತರ ಬರೆಯಲಾರಂಭಿಸುತ್ತಾನೆ.

ತಂತ್ರಾಂಶವನ್ನು ಬರೆಯುವ ಹಲಗೆಯೇ ಸವೆದರೆ? ಅದೇ ಟೆಸ್ಲಾ ಕಂಪನಿಗೆ 2021ರಲ್ಲಿ ಈ ಪ್ರಶ್ನೆ ಎದುರಾಯಿತು. 2018ರವರೆಗಿನ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ನಡುಪರದೆಯ ಕಂಪ್ಯೂಟರಿನಲ್ಲಿ 8 ಜಿಬಿಯ ನೆನಪಿನ ಚಿಪ್ ಇತ್ತು. ಇಂಥ ಚಿಪ್ ಬರೆದು ಅಳಿಸಿದಷ್ಟೂ ಸವೆಯುತ್ತದೆ. ಐದಾರು ವರ್ಷಗಳಲ್ಲಿ ಇದು ಕೈಕೊಡತೊಡಗಿತು. ಪರದೆ ಕಪ್ಪಾದಾಗ ಹಿಂದಕ್ಕೆ ಚಲಿಸುವಾಗಿನ ಕ್ಯಾಮರಾ ಚಿತ್ರವೂ ಮಾಯ, ಗಾಜಿನ ಮಂಜನ್ನು ನೀಗಿಸುವ ಗುಂಡಿಯೂ ಮಾಯ. ಗಾಳಿಯಲ್ಲಿ ಕಳುಹಿಸಿದ ತಿದ್ದುಪಡಿಗಳು ತೊಂದರೆಯನ್ನು ತಗ್ಗಿಸಿದವೇ ಹೊರತು ಸವೆತವನ್ನು ಅಳಿಸಲಿಲ್ಲ. ಕೊನೆಗೆ ಸುಮಾರು 1,35,000 ಕಾರುಗಳನ್ನು ಹಿಂದಕ್ಕೆ ಕರೆದು, 64 ಜಿಬಿಯ ಹೊಸ ಚಿಪ್ಪನ್ನು ಕೈಯಿಂದಲೇ ಕೂರಿಸುವ ಏರ್ಪಾಡು ಮಾಡಬೇಕಾಯಿತು.