ವನಧಿ ಅಂದರೆ ಸಮುದ್ರ. ಆಮೇಲೆ?

ಹತ್ತನೇ ತರಗತಿಯ ಪ್ರಥಮ ಭಾಷೆ ಕನ್ನಡದಲ್ಲಿ ಮಕ್ಕಳು ಕುವೆಂಪು ಅವರ 'ಹಸುರು' ಪದ್ಯ ಓದುತ್ತಾ ಬಂದಿದ್ದಾರೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿದ್ದರೆ ನೀವೂ ಅದನ್ನು ಕಿವಿಯಲ್ಲಿ ಕೇಳಿರುತ್ತೀರಿ. ಪದ್ಯದ ಶುರುವಿನಲ್ಲೇ 'ವನಧಿ' ಅನ್ನುವ ಪದ ಬರುತ್ತದೆ. ಪದದ ಅರ್ಥ ಬರೆಯಿರಿ ಅಂದರೆ ಮಕ್ಕಳು 'ಸಮುದ್ರ' ಅಂತ ಬರೆಯುತ್ತಾರೆ. ಉತ್ತರ ಸರಿ, ಅಂಕ ಬಂತು, ಮುಂದಿನ ಪ್ರಶ್ನೆಗೆ ಹೋದರು.

ಆದರೆ ಮಲೆನಾಡಿನ ಮಧ್ಯೆ ಸಮುದ್ರ ಎಲ್ಲಿಂದ ಬಂತು? ಈ ಪ್ರಶ್ನೆಯನ್ನು ತರಗತಿಯಲ್ಲಿ ಯಾರೂ ಕೇಳದಿದ್ದರೆ ಪದ್ಯ ಅಲ್ಲಿಗೇ ನಿಂತಿತು ಅಂತಲೇ ಲೆಕ್ಕ. ನನ್ನ ವಾದ ಇಷ್ಟೇ. ಪದದ ಅರ್ಥ ತಿಳಿದ ಮೇಲೆ ಪದ್ಯದ ಪ್ರಶ್ನೆ ಶುರುವಾಗಬೇಕು. ನಮ್ಮಲ್ಲಿ ಅರ್ಥ ಬರೆದ ಕೂಡಲೇ ಪ್ರಶ್ನೆ ಮುಗಿಯುತ್ತಿದೆ.

ನನ್ನ ಅಕ್ಕನ ಮನೆ ಬೆಂಗಳೂರಿನ ಗೋವಿಂದರಾಜನಗರದಲ್ಲಿದೆ. ಅವಳ ಮಗಳು ಅಲ್ಲೇ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ. ಸುದ್ದಿ ಕೆಲಸಕ್ಕೆ ಹೋದಾಗ ಅವಳ ನೋಟ್ಸ್ ನೋಡಿದೆ. ಕವಿ ಪರಿಚಯ, ಪದಗಳ ಅರ್ಥ, ಒಂದು ವಾಕ್ಯದ ಉತ್ತರ, ಎರಡು ಮೂರು ವಾಕ್ಯದ ಉತ್ತರ, ಸಂದರ್ಭ ಸಹಿತ ಸ್ವಾರಸ್ಯ, ಸಾರಾಂಶ, ಎಲ್ಲವೂ ಮುತ್ತಿನಂಥ ಅಕ್ಷರದಲ್ಲಿ ಇದ್ದವು. ಸ್ವಾರಸ್ಯದ ಜಾಗದಲ್ಲಿ 'ಕವಿ ಪ್ರಕೃತಿ ಸೌಂದರ್ಯವನ್ನು ಸ್ವಾರಸ್ಯಕರವಾಗಿ ವರ್ಣಿಸಿದ್ದಾರೆ' ಅಂತ ಇತ್ತು. ಇನ್ನೊಂದು ಪದ್ಯದ ಸ್ವಾರಸ್ಯ ತಿರುವಿ ನೋಡಿದರೆ ಅಲ್ಲೂ ಹೆಚ್ಚು ಕಡಿಮೆ ಅದೇ ವಾಕ್ಯ. ಯಾವ ಪದ್ಯಕ್ಕೆ ಬೇಕಾದರೂ ಅಂಟಿಸಬಹುದಾದ ಉತ್ತರ ಅದು. ಸ್ವಾರಸ್ಯ ಅನ್ನುವ ಒಳ್ಳೆ ಪದವನ್ನು ನಾವೇ ಹೀಗೆ ಸವೆಸಿಬಿಟ್ಟಿದ್ದೇವೆ.

ಈಗ 'ವನಧಿ'ಗೆ ವಾಪಸ್ ಬರೋಣ. ಸಂಸ್ಕೃತದಲ್ಲಿ 'ವನ' ಅಂದರೆ ಕಾಡು ಹೌದು, ನೀರು ಅನ್ನುವ ಅರ್ಥವೂ ಇದೆ. ನೀರು ತುಂಬಿರುವ ಜಾಗ ವನಧಿ, ಅಂದರೆ ಸಮುದ್ರ. ಕವಿ ಕಾಡನ್ನು ನೋಡುತ್ತಾ ಈ ಪದ ಬಳಸಿದ್ದಾರೆ. ಸಮುದ್ರ ಅನ್ನುವ ಪದದ ಒಳಗೇ ಕಾಡು ಕೂತಿದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಹೀಗಿರಬೇಕು: 'ಸಮುದ್ರಕ್ಕೆ ಸಾಗರ, ಕಡಲು, ಶರಧಿ ಅಂತ ಬೇರೆ ಹೆಸರುಗಳಿವೆ. ಕವಿ ಇಲ್ಲಿ ವನಧಿಯನ್ನೇ ಯಾಕೆ ಆರಿಸಿಕೊಂಡರು?' ಮಕ್ಕಳಿಗೆ 'ವನ' ಗೊತ್ತು. ಒಂದು ನಿಮಿಷ ಸುಮ್ಮನೆ ಬಿಟ್ಟರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಆ ಒಂದು ನಿಮಿಷ ಬಿಡುವುದೇ ಮೇಷ್ಟರಿಗೆ ಕಷ್ಟದ ಕೆಲಸ.

ಅದೇ ಶುರುವಿನಲ್ಲಿ ನವರಾತ್ರಿ, ನವಧಾತ್ರಿ ಅಂತ ಎರಡು ಪದ ಜೊತೆಯಾಗಿ ಬರುತ್ತವೆ. ಎರಡರಲ್ಲೂ 'ನವ' ಇದೆ. ಒಂದರಲ್ಲಿ ಅದು ಒಂಬತ್ತು, ಇನ್ನೊಂದರಲ್ಲಿ ಹೊಸದು. 'ಧಾತ್ರಿ' ಅಂದರೆ ಭೂಮಿ. ಮಳೆ ಮುಗಿದು ಹೊಸದಾಗಿ ಕಾಣುವ ಭೂಮಿ. 'ಎರಡೂ ನವ ಒಂದೇನಾ?' ಅಂತ ಕೇಳಿದರೆ ಸಾಕು, ಹಿಂದಿನ ಬೆಂಚಿನವರೂ ಪುಸ್ತಕ ತೆಗೆಯುತ್ತಾರೆ.

ಪದ್ಯದ ಮುಂದಿನ ಒಂದು ಭಾಗ ನಮ್ಮ ಹಳ್ಳಿ ಮಕ್ಕಳದ್ದು. ಆಶ್ವೀಜ ಮಾಸದ ಭತ್ತದ ಗದ್ದೆಯನ್ನು ಕವಿ ಗಿಳಿಯ ಎದೆಯ ಬಣ್ಣಕ್ಕೆ ಹೋಲಿಸುತ್ತಾರೆ. ಪರೀಕ್ಷೆಗೆ ಕೇಳುವುದು 'ಗದ್ದೆಯನ್ನು ಯಾವುದಕ್ಕೆ ಹೋಲಿಸಲಾಗಿದೆ?' ಅಂತ. ಉತ್ತರ ಗಿಳಿಯ ಎದೆ, ಒಂದು ಅಂಕ. ನಾನಾದರೆ ಕೇಳುವುದು: 'ಗಿಳಿಯ ರೆಕ್ಕೆ ಅನ್ನಬಹುದಿತ್ತು, ಎದೆ ಯಾಕೆ?'

ಗಿಳಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ರೆಕ್ಕೆಯ ಹಸಿರು ಗಾಢ, ಎದೆಯ ಹಸಿರು ತಿಳಿ, ಸ್ವಲ್ಪ ಹಳದಿ ಬೆರೆತದ್ದು. ಮುಂಗಾರಿನಲ್ಲಿ ನಾಟಿ ಮಾಡಿದ ಗದ್ದೆ ನವರಾತ್ರಿ ಹೊತ್ತಿಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ತೆನೆ ಹೊರಟು ಹಾಲು ತುಂಬುವ ಸಮಯ. ನಾಟಿಯಾಗಿ ತಿಂಗಳಿಗೆ ಕಾಣುವ ಕಡು ಹಸಿರು ಆಗ ಇರುವುದಿಲ್ಲ, ತಿಳಿಯಾಗುತ್ತಾ ಬಂದಿರುತ್ತದೆ. ಹಾಗಾಗಿ ಎದೆ ಅನ್ನುವ ಒಂದು ಪದದಲ್ಲಿ ತಿಂಗಳು, ಮಳೆ, ಬೆಳೆಯ ವಯಸ್ಸು ಎಲ್ಲ ಇವೆ.

ಅದರ ಪಕ್ಕದಲ್ಲೇ ಕಾಡಿನ ಅಂಚಿಗೆ ಅಡಿಕೆ ತೋಟ ಬರುತ್ತದೆ, ಕೊನೆ ಬಿಟ್ಟ ಅಡಿಕೆ ತೋಟ. ಅಕ್ಕನ ಮಗಳು 'ಕೊನೆ'ಯನ್ನು 'ಅಂತ್ಯ' ಅಂತ ತಿಳಿದಿದ್ದಳು. ತಪ್ಪು ಅವಳದ್ದಲ್ಲ, ಅವಳು ಓಡಾಡುವ ಬೀದಿಯಲ್ಲಿ ಕೊನೆ ಮನೆ, ಕೊನೆ ಸ್ಟಾಪ್ ಇವೆಯೇ ಹೊರತು ಅಡಿಕೆ ಕೊನೆ ಇಲ್ಲ. ತರೀಕೆರೆ ಕಡೆಯ ಊರಲ್ಲಿರುವ ನಮ್ಮಮ್ಮನಿಗೆ ಫೋನ್ ಮಾಡಿ ಕೇಳು ಅಂದೆ. 'ಅಜ್ಜಿ, ಕೊನೆ ಅಂದ್ರೇನು?' ಅಂದಳು. ಕೊನೆ ಕೊಯ್ಯುವುದು, ಕೊನೆಗಾರ ಮರ ಹತ್ತುವುದು, ಹಗ್ಗದಲ್ಲಿ ಕೊನೆ ಇಳಿಸುವುದು, ಎಲ್ಲವನ್ನೂ ಅಮ್ಮ ಹತ್ತು ನಿಮಿಷ ಹೇಳಿದರು. ಮುಂದಿನ ಪ್ರಶ್ನೆಯನ್ನು ಹುಡುಗಿಯೇ ಕೇಳಿದಳು: 'ಹಾಗಾದ್ರೆ ತೋಟದ ಹಸಿರು, ಗದ್ದೆ ಹಸಿರು ಬೇರೆ ಬೇರೆ ಅಲ್ವಾ ಮಾವ?' ಹೌದು. ಪದ್ಯದ ಹೆಸರು ಒಂದೇ ಹಸುರು, ಒಳಗೆ ಇರುವುದು ಹಲವು ಹಸಿರು. ಗಿಳಿ ಎದೆಯದ್ದು ಒಂದು, ಅಡಿಕೆ ತೋಟದ್ದು ಒಂದು, ಮಕಮಲ್ಲಿನ ಜಮಖಾನೆಯಂತೆ ಹಾಸಿದ ಹುಲ್ಲಿನದ್ದು ಇನ್ನೊಂದು. ಒಂದೇ ಬಣ್ಣ ಅಂತ ಸಾರಾಂಶ ಬರೆದವರು ಪದ್ಯವನ್ನು ನೋಡಿಯೇ ಇಲ್ಲ.

ಇಲ್ಲಿ ಒಂದು ಮಾತು. ಕೆಲವು ಮೇಷ್ಟರುಗಳು ಮಕ್ಕಳು ಪ್ರಬಂಧದಲ್ಲಿ 'ಹಸುರು' ಅಂತ ಬರೆದರೆ ಕೆಂಪು ಶಾಯಿಯಲ್ಲಿ 'ಹಸಿರು' ಅಂತ ತಿದ್ದುತ್ತಾರೆ. ಪದ್ಯದ ತಲೆಬರಹ ಒಮ್ಮೆ ನೋಡಲಿ.

ಮೂರನೆಯ ಪ್ರಶ್ನೆ ನನಗೆ ತುಂಬ ಇಷ್ಟವಾದದ್ದು. ಕವಿ ಗದ್ದೆ, ಬೆಟ್ಟ, ಕಣಿವೆ ಹಸಿರು ಅನ್ನುತ್ತಾರೆ, ಒಪ್ಪೋಣ. ಆಕಾಶ, ಮೋಡ, ಸಂಜೆ ಬಿಸಿಲು ಕೂಡ ಹಸಿರು ಅನ್ನುತ್ತಾರೆ. ಇನ್ನೂ ಮುಂದೆ ಹೋಗಿ ಹೂವಿನ ಕಂಪು, ಗಾಳಿಯ ತಂಪು, ಹಕ್ಕಿಯ ದನಿ ಹಸಿರು. ಕಡೆಗೆ ತಮ್ಮ ಮೈಯ ರಕ್ತವೇ ಹಸಿರು. ಮಕ್ಕಳನ್ನು ಕೇಳಬೇಕು: 'ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಸುಳ್ಳು ಯಾವ ಪದದಿಂದ ಶುರುವಾಯಿತು?' ಪೆನ್ಸಿಲ್ ಕೊಟ್ಟು ಗೆರೆ ಹಾಕಿಸಿ. ಕೆಲವರು ಆಕಾಶಕ್ಕೆ ಹಾಕುತ್ತಾರೆ, ಕೆಲವರು ಕಂಪಿಗೆ. ಜಗಳ ಆಗುತ್ತದೆ, ಆಗಲಿ. ಗೆರೆ ಹಾಕುತ್ತಾ ಹೋದರೆ ಪದ್ಯದ ದಾರಿ ಕಾಣುತ್ತದೆ. ಮೊದಲು ಕಣ್ಣಿಗೆ ಕಂಡದ್ದು, ಆಮೇಲೆ ಮೂಗು, ಚರ್ಮ, ಕಿವಿ, ಆಮೇಲೆ ಭೂಮಿಯ ಉಸಿರು, ಕಡೆಗೆ ಮೈಯೊಳಗಿನ ನೆತ್ತರು. ಬಣ್ಣ ಹೊರಗಿನಿಂದ ಒಳಗೆ ಬರುತ್ತಾ ಇದೆ. 'ಕವಿ ಪ್ರಕೃತಿಯಲ್ಲಿ ತಲ್ಲೀನರಾದರು' ಅಂತ ಗೈಡಿನಲ್ಲಿ ಒಂದು ವಾಕ್ಯ ಇರುತ್ತದಲ್ಲ, ಅದು ಪದ್ಯದಲ್ಲಿ ಹೇಗೆ ನಡೆಯಿತು ಅನ್ನುವುದು ಮಗುವಿಗೆ ಆಗ ತನ್ನ ಗೆರೆಯಲ್ಲೇ ಸಿಗುತ್ತದೆ.

ಇದಕ್ಕೆ ಸೇರಿದಂತೆ ಇನ್ನೊಂದು. ಶುರುವಿನಲ್ಲಿ ಕವಿಯ ಆತ್ಮ 'ಹಸುರಾದುದೊ' ಅನ್ನುವ ಮಾತಿದೆ. ಮುಗಿಯುವಾಗ ಅದೇ ಆತ್ಮ 'ಹಸುರ್ಗಟ್ಟಿತು'. ಎರಡಕ್ಕೂ ಏನು ವ್ಯತ್ಯಾಸ? ಹೆಪ್ಪುಗಟ್ಟುವುದು, ಪಾಚಿಗಟ್ಟುವುದು ಮಕ್ಕಳಿಗೆ ಮನೆಯಲ್ಲೇ ಗೊತ್ತು. ಹೆಪ್ಪು ಹಾಕಿದ ಹಾಲು ಮತ್ತೆ ಹಾಲಾಗುವುದಿಲ್ಲ.

ಪದ್ಯವನ್ನು ಕಿವಿಯಿಂದಲೂ ಕೇಳಿಸಬೇಕು. ಮಾತ್ರೆ ಹಾಕುವುದು ಅಂದರೆ ಮಕ್ಕಳಿಗೆ ಗಣಿತದ ಇನ್ನೊಂದು ಪೀರಿಯಡ್. ಅದನ್ನೇ ತಿರುಗಿಸಿ. 'ಹಸುರು' ಅನ್ನುವ ಪದಕ್ಕೆ ಮೂರು ಮಾತ್ರೆ. 'ಪಚ್ಚೆ' ಅಂದರೂ ಹಸಿರೇ, ಅದಕ್ಕೂ ಮೂರೇ ಮಾತ್ರೆ. ಪದ್ಯದಲ್ಲಿ ಹಸುರು ಅಂತ ಬಿಡಿಯಾಗಿ ಬಂದ ಕಡೆಯೆಲ್ಲ ಪಚ್ಚೆ ಹಾಕಿ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಚಪ್ಪಾಳೆಯಲ್ಲಿ ತಾಳ ಹಾಕಲಿ. ಲೆಕ್ಕ ತಪ್ಪುವುದಿಲ್ಲ. ಹಾಗಾದರೆ ಏನು ಹೋಯಿತು? ಭೂಮಿಯ ಉಸಿರಿನ ಮಾತು ಬರುವ ಕಡೆ ಕೇಳಿ ನೋಡಿ. ಹಸುರು, ಉಸಿರು ಎರಡೂ ಒಂದೇ ದನಿಯ ಪದ, ಒಂದನ್ನು ಹೇಳುವಾಗ ಇನ್ನೊಂದು ಕೇಳಿಸುತ್ತದೆ. ಪಚ್ಚೆ ಹಾಕಿದರೆ ಆ ಉಸಿರು ನಿಂತುಹೋಗುತ್ತದೆ. ಹುಲ್ಲಿನ ಹಾಸು ಬರುವ ಕಡೆ ಮಾತ್ರ ಕವಿಯೇ ಪಚ್ಚೆ ಪದ ಬಳಸಿದ್ದಾರೆ. ಅಲ್ಲಿ ಯಾಕೆ ಅನ್ನುವುದನ್ನು ಮಕ್ಕಳಿಗೇ ಬಿಡಬಹುದು. ಪಚ್ಚೆ ಒಂದು ಹರಳಿನ ಹೆಸರೂ ಹೌದು ಅನ್ನುವ ಸುಳಿವು ಕೊಟ್ಟರೆ ಸಾಕು.

ಇಂಥ ಪ್ರಶ್ನೆಗೆ ಅಂಕ ಹೇಗೆ ಕೊಡುವುದು ಅಂತ ಮೇಷ್ಟರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ಎರಡು ಅಂಕದ ಪ್ರಶ್ನೆ ಅಂತ ಇಟ್ಟುಕೊಳ್ಳಿ. ಪದ್ಯದ ಯಾವ ಪದದ ಮೇಲೆ ಬೆರಳಿಟ್ಟರು ಅನ್ನುವುದಕ್ಕೆ ಒಂದು ಅಂಕ, ಅದಕ್ಕೆ ಕೊಟ್ಟ ಕಾರಣಕ್ಕೆ ಒಂದು. ಗೆರೆ ಆಕಾಶಕ್ಕೆ ಹಾಕಿದ ಮಗುವಿಗೂ, ಕಂಪಿಗೆ ಹಾಕಿದ ಮಗುವಿಗೂ ಕಾರಣ ಸರಿಯಿದ್ದರೆ ಪೂರ್ತಿ ಅಂಕ. 'ಎಲ್ಲರೂ ಗಿಡ ನೆಡಬೇಕು, ಪರಿಸರ ಉಳಿಸಬೇಕು' ಅಂತ ಬರೆದರೆ ಅಂಕ ಇಲ್ಲ. ಮಾತು ಒಳ್ಳೆಯದೇ, ಆದರೆ ಪದ್ಯ ಓದದೆಯೂ ಅದನ್ನು ಬರೆಯಬಹುದು. ಪ್ರಶ್ನೆ ಸರಿಯಿದೆಯೋ ಇಲ್ಲವೋ ನೋಡುವುದಕ್ಕೂ ಇದೇ ಅಳತೆ. ಪದ್ಯವನ್ನು ಮುಚ್ಚಿಟ್ಟು ಉತ್ತರ ಬರೆಯಲು ಆಗುವುದಾದರೆ ಪ್ರಶ್ನೆಯನ್ನು ಬದಲಿಸಿ. 'ಈ ಪದ್ಯದಿಂದ ನೀನು ಏನು ಕಲಿತೆ?' ಅನ್ನುವ ಪ್ರಶ್ನೆ ಈ ಅಳತೆಯಲ್ಲಿ ಮೊದಲೇ ಬಿದ್ದುಹೋಗುತ್ತದೆ.

ಬೋರ್ಡ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೇಷ್ಟರ ಕೈಯಲ್ಲಿಲ್ಲ, ನಿಜ. ಪದ್ಯ ಪೂರ್ಣಗೊಳಿಸಿ ಅಂತ ಬಂದರೆ ಬಾಯಿಪಾಠವೇ ಬೇಕು, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಬಾಯಲ್ಲಿ ಪದ್ಯ ಇದ್ದ ಮಗುವಿಗೆ ಮೇಲಿನ ಪ್ರಶ್ನೆಗಳು ಇನ್ನೂ ಸುಲಭ. ಆದರೆ ಆಂತರಿಕ ಅಂಕ ಶಾಲೆಯಲ್ಲೇ ಇದೆ. ರೂಪಣಾತ್ಮಕ ಮೌಲ್ಯಮಾಪನಕ್ಕೆ ಚಟುವಟಿಕೆ ಅಂತ ಚಾರ್ಟಿನ ಮೇಲೆ ಕವಿಯ ಫೋಟೊ ಅಂಟಿಸುವ ಬದಲು, ಒಂದು ಪೀರಿಯಡ್ಡಿನಲ್ಲಿ ಪೆನ್ಸಿಲ್ ಗೆರೆಯ ಚಟುವಟಿಕೆ ಮುಗಿಯುತ್ತದೆ. ಮೊದಲ ಹತ್ತು ನಿಮಿಷ ಅರ್ಥ ಹೇಳದೆ ಎರಡು ಸಲ ಗಟ್ಟಿ ಓದು, ಆಮೇಲೆ ಪದಗಳ ಅರ್ಥ, ಉಳಿದ ಹೊತ್ತು ಒಂದೇ ಒಂದು ಪ್ರಶ್ನೆ. ಎಲ್ಲ ಪ್ರಶ್ನೆಗಳನ್ನೂ ಒಂದೇ ದಿನ ಕೇಳಿದರೆ ಅದೂ ನೋಟ್ಸ್ ಆಗಿಬಿಡುತ್ತದೆ.

ಪಂಪ, ರನ್ನರ ಹಳಗನ್ನಡ ಪದ್ಯಗಳಿಗೆ ಇದು ಇಷ್ಟು ಬೇಗ ಒಗ್ಗುವುದಿಲ್ಲ. ಅಲ್ಲಿ ಪದ ಬಿಡಿಸುವುದಕ್ಕೇ ಒಂದೆರಡು ಪೀರಿಯಡ್ ಬೇಕು. ಹಾಗೆ ಬಿಡಿಸಿದ ಮೇಲೆ ಕೇಳುವುದಕ್ಕೆ ಒಂದು ಪ್ರಶ್ನೆಗಾದರೂ ಸಮಯ ಉಳಿಸಿಕೊಳ್ಳಬೇಕು. ಈ ಮಾತು ಯಾರು ಯಾರಿಗೆ ಹೇಳಿದ್ದು ಅನ್ನುವುದರ ಜೊತೆಗೆ, ಇದನ್ನು ಕೇಳಿಸಿಕೊಂಡವನು ಆ ಕ್ಷಣ ಯಾಕೆ ಸುಮ್ಮನಿದ್ದ ಅಂತ ಕೇಳಿ ನೋಡಿ.